70 ಹರ್ಟ್ಝ್‌ಗೆ ಬರೆದ ಫಿಲ್ಟರ್ 53ಕ್ಕೇ ಕತ್ತರಿಸಿದರೆ: ಬಟರ್‌ವರ್ತ್ ಲೋ-ಪಾಸ್ ದೋಷ ನಿವಾರಣೆ

ಎಂಜಿನ್ ನಿಧಾನಕ್ಕೆ ಓಡುವಾಗ ಅಳತೆ ಸರಿಯಾಗಿಯೇ ಇರುತ್ತದೆ. ವೇಗ ಏರಿದಂತೆ ನಡುಕದ ಅಂಕಿಯೂ ಏರುತ್ತದೆ. ಆದರೆ ಒಂದು ಹಂತ ದಾಟಿದ ಮೇಲೆ ಎಂಜಿನ್ ಜಾಸ್ತಿ ಜೋರು ಓಡಿದಷ್ಟೂ ಅಂಕಿ ಇಳಿಯತೊಡಗುತ್ತದೆ. ಕೋಡಿನಲ್ಲಿ ಎಲ್ಲೂ ಎರರ್ ಇಲ್ಲ, ಫಿಲ್ಟರ್ ಸಿಡಿಯುವುದೂ ಇಲ್ಲ, ಗ್ರಾಫ್ ನೋಡಲು ಚೆಂದವಾಗಿಯೇ ಇದೆ. ಇಂಥ ದೋಷ ಹಿಡಿಯುವುದು ಹೇಗೆ ಅಂತ ಒಂದು ನಿಜವಾದ ಪ್ರಕರಣ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಕಾರವಾರದ ಬೈತಖೋಲ ಬಂದರಿನ ಒಂದು ಟ್ರಾಲ್ ಬೋಟಿನ ಡೀಸೆಲ್ ಎಂಜಿನ್. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್. ಎಂಜಿನ್ನಿನ ಕಾಲಿನ ಹತ್ತಿರ ಒಂದು ಆಕ್ಸಿಲೆರೋಮೀಟರ್ ಡಬ್ಬಿ ಕೂರಿಸಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆ ಬಿಡುವಿನಲ್ಲಿ ರಬ್ಬರ್ ಮೌಂಟ್ ಬದಲಿಸಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಈ ಅಳತೆ ಬೇಕಿತ್ತು. ಡಬ್ಬಿಯ ಪ್ರಕಾರ ಮೌಂಟ್ ಚೆನ್ನಾಗಿದೆ. ಬೋಟು ನಡೆಸುವ ತಾಂಡೇಲರು ಒಪ್ಪಲಿಲ್ಲ. "ರೇಸ್ ಕೊಟ್ಟಾಗ ಕೈ ಇಟ್ಟು ನೋಡಿ, ಹೆಂಗೆ ನಡುಗ್ತದೆ. ನಿಮ್ಮ ಡಬ್ಬಿ ಆಗಲೇ ಕಡಿಮೆ ತೋರಿಸ್ತದಲ್ಲ!" ಅಂದರು. ಅವರು ಹೇಳಿದ್ದೇ ಸರಿಯಾಗಿತ್ತು.

ಲೆಕ್ಕ ಹೀಗಿದೆ. ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಪಿಸ್ಟನ್‌ಗಳ ಓಡಾಟದಿಂದ ಬರುವ ಮುಖ್ಯ ಅಸಮತೋಲನವೂ ಸುತ್ತಿಗೆ ಎರಡು ಸಲವೇ. 900 ಆರ್‌ಪಿಎಂ ಅಂದರೆ ಸೆಕೆಂಡಿಗೆ 15 ಸುತ್ತು, ನಡುಕ 30 ಹರ್ಟ್ಝ್. 1500ಕ್ಕೆ 50 ಹರ್ಟ್ಝ್, 1800ಕ್ಕೆ 60 ಹರ್ಟ್ಝ್. ಡಬ್ಬಿ ಸೆಕೆಂಡಿಗೆ 200 ಸಲ ಅಳೆಯುತ್ತದೆ. ಅದರ ಮೇಲೆ ನಾಲ್ಕನೇ ಆರ್ಡರಿನ ಬಟರ್‌ವರ್ತ್ ಲೋ-ಪಾಸ್, ಕಟಾಫ್ 70 ಹರ್ಟ್ಝ್. 60ರ ನಡುಕ ಉಳಿಯಬೇಕು, ಗೇರ್‌ಬಾಕ್ಸು ಮತ್ತು ತಗಡಿನ ಗದ್ದಲ ಹೋಗಬೇಕು ಅನ್ನುವುದು ಉದ್ದೇಶ. ಬಟರ್‌ವರ್ತ್ ಆರಿಸಿದ್ದಕ್ಕೂ ಕಾರಣ ಇದೆ. ಪಾಸ್‌ಬ್ಯಾಂಡಿನಲ್ಲಿ ಅದು ಆದಷ್ಟೂ ಸಮತಟ್ಟಾಗಿ ಇರುತ್ತದೆ, ಏರಿಳಿತ ಇಲ್ಲ. 30, 50, 60 ಹರ್ಟ್ಝ್ ಅಳತೆಗಳನ್ನು ಒಂದಕ್ಕೊಂದು ಹೋಲಿಸುವುದಾದರೆ ಅದೇ ಬೇಕು.

ಕಚ್ಚಾ ಡೇಟಾದ ಸ್ಪೆಕ್ಟ್ರಮ್ ತೆಗೆದು ಆಯಾ ವೇಗದ ನಡುಕವನ್ನಷ್ಟೇ ನೋಡಿದಾಗ 900 ಆರ್‌ಪಿಎಂಗೆ 0.12 ಜಿ, 1500ಕ್ಕೆ 0.30 ಜಿ, 1800ಕ್ಕೆ 0.50 ಜಿ ಇತ್ತು. ಫಿಲ್ಟರ್ ಆದ ಮೇಲೆ ಅದೇ ಮೂರು ಅಂಕಿ 0.12, 0.25, 0.19. ಕೊನೆಯ ಎರಡನ್ನು ನೋಡಿ. ಕಚ್ಚಾ ಅಂಕಿ ಏರುತ್ತಿದೆ, ಫಿಲ್ಟರಿನದು ಇಳಿಯುತ್ತಿದೆ. 60 ಹರ್ಟ್ಝ್ ಇನ್ನೂ ಕಟಾಫ್‌ನ ಒಳಗೇ ಇದೆ. ಹಾಗಿರುವಾಗ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಹೋಗುವುದು ಹೇಗೆ?

ಮೊದಲು: ತಪ್ಪು ಫಿಲ್ಟರಿನದ್ದೇನಾ?

ಕಚ್ಚಾ ಡೇಟಾದಲ್ಲಿ 60 ಹರ್ಟ್ಝ್ ಗಟ್ಟಿಯಾಗಿ ಕಂಡಿದ್ದರಿಂದ ಇಲ್ಲಿ ಸೆನ್ಸರ್ ನಿರಪರಾಧಿ. ಎಲ್ಲ ಸಲವೂ ಹೀಗಿರುವುದಿಲ್ಲ. ಎಂಪಿಯು-6050 ಥರದ ಸೆನ್ಸರಿನ ಒಳಗೇ ಒಂದು ಲೋ-ಪಾಸ್ ಇರುತ್ತದೆ. `DLPF_CFG` ಬೆಲೆ 2 ಇದ್ದರೆ ಆಕ್ಸಿಲೆರೋಮೀಟರಿನ ಬ್ಯಾಂಡ್‌ವಿಡ್ತ್ 94 ಹರ್ಟ್ಝ್, 3 ಇದ್ದರೆ 44 ಹರ್ಟ್ಝ್. ಯಾರೋ 3 ಬರೆದು ಮರೆತಿದ್ದರೆ ಕಚ್ಚಾ ಡೇಟಾದಲ್ಲೇ 60 ಸೊರಗಿರುತ್ತದೆ. ಆಗ ನಮ್ಮ ಫಿಲ್ಟರನ್ನು ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ.

ಆಮೇಲೆ ಸೆನ್ಸರನ್ನು ಪೂರ್ತಿ ಬಿಟ್ಟುಬಿಡಿ. ಫಿಲ್ಟರ್ ಫಂಕ್ಷನ್‌ಗೆ ಲೆಕ್ಕದಲ್ಲಿ ಮಾಡಿದ ಸೈನ್ ಅಲೆ ಕೊಡಿ: 200 ಹರ್ಟ್ಝ್ ಸ್ಯಾಂಪಲಿಂಗ್, 60 ಹರ್ಟ್ಝ್ ಅಲೆ, ಎತ್ತರ 1. ಮೊದಲ 200 ಸ್ಯಾಂಪಲ್ ಎಸೆಯಿರಿ, ಅದು ಫಿಲ್ಟರ್ ನೆಲೆ ನಿಲ್ಲುವ ಸಮಯ. ಮುಂದಿನ 200 ಸ್ಯಾಂಪಲ್ ಅಳೆಯಿರಿ.

ಇಲ್ಲಿ ಒಂದು ಮಾತು. ಔಟ್‌ಪುಟ್‌ನ ಅತಿ ದೊಡ್ಡ ಸ್ಯಾಂಪಲ್ ಎಷ್ಟು ಅಂತ ನೋಡಿ ಎತ್ತರ ಹೇಳುವ ಅಭ್ಯಾಸ ಬಹಳ ಜನಕ್ಕಿದೆ. 200ರಲ್ಲಿ 60 ಹರ್ಟ್ಝ್ ಅಂದರೆ ಒಂದು ಅಲೆಗೆ ಮೂರೂ ಕಾಲು ಚಿಲ್ಲರೆ ಸ್ಯಾಂಪಲ್ ಅಷ್ಟೇ. ಅಲೆಯ ತುದಿಗೆ ಸರಿಯಾಗಿ ಸ್ಯಾಂಪಲ್ ಬೀಳುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ. ಈ ಜೋಡಿಯಲ್ಲಿ ಸುಮ್ನೆ 5 ಪರ್ಸೆಂಟ್‌ವರೆಗೆ ಕಡಿಮೆ ಕಾಣಬಹುದು. ಆರ್‌ಎಂಎಸ್ ತೆಗೆದು √2ರಿಂದ ಗುಣಿಸಿ. 200 ಸ್ಯಾಂಪಲ್‌ನಲ್ಲಿ ಪೂರ್ತಿ 60 ಅಲೆ ಕೂರುವುದರಿಂದ ಲೆಕ್ಕ ಕರಾರುವಾಕ್ಕಾಗಿ ಬರುತ್ತದೆ.

ಸರಿಯಾದ ಫಿಲ್ಟರ್ 0.972 ಕೊಡಬೇಕು, ಅಂದರೆ ಕಾಲು ಡೆಸಿಬೆಲ್ ಇಳಿತ. ಈ ಡಬ್ಬಿ ಕೊಟ್ಟಿದ್ದು 0.377, ಅಂದರೆ ಎಂಟೂವರೆ ಡೆಸಿಬೆಲ್ ಇಳಿತ. 0.50 ಜಿ ಯಾಕೆ 0.19 ಆಯ್ತು ಅನ್ನುವುದು ಇಲ್ಲಿಗೆ ಗೊತ್ತಾಯಿತು. ಫಿಲ್ಟರ್ ತಪ್ಪಿತಸ್ಥ.

ಎರಡೂ ತುದಿಯಲ್ಲಿ ಪರೀಕ್ಷೆ ಮಾಡಿದರೆ ಸಿಗುವುದಿಲ್ಲ

ಆ ಕೋಡಿಗೆ ಪರೀಕ್ಷೆ ಇರಲಿಲ್ಲ ಅಂತಲ್ಲ. ಎರಡು ಪರೀಕ್ಷೆ ಇದ್ದವು, ಎರಡೂ ಪಾಸ್. ಒಂದು, ಸತತವಾಗಿ 1 ಕೊಟ್ಟರೆ 1 ಬರಬೇಕು. ಇನ್ನೊಂದು, +1, −1, +1, −1 ಅಂತ ಕೊಟ್ಟರೆ 0ಗೆ ಇಳಿಯಬೇಕು. ಎರಡೂ ಒಳ್ಳೆಯ ಪರೀಕ್ಷೆಗಳೇ, ಗುಣಾಂಕಗಳಲ್ಲಿ ಚಿಹ್ನೆ ತಪ್ಪಿದ್ದರೆ ಸಿಕ್ಕಿಬೀಳುತ್ತದೆ. ನಮ್ಮ ದೋಷಕ್ಕೆ ಮಾತ್ರ ಅವು ಕುರುಡು. ಯಾಕೆ ಅಂತ ತಿಳಿಯಲು, ಅನಲಾಗ್ ಫಿಲ್ಟರನ್ನು ಡಿಜಿಟಲ್‌ಗೆ ಬದಲಿಸುವ ಬೈಲೀನಿಯರ್ ಟ್ರಾನ್ಸ್‌ಫಾರ್ಮ್ ಏನು ಮಾಡುತ್ತದೆ ಅಂತ ನೋಡಬೇಕು.

ಅನಲಾಗ್ ಫಿಲ್ಟರಿನ ಸೂತ್ರದಲ್ಲಿ `s` ಇದ್ದ ಕಡೆಯೆಲ್ಲ ಇದನ್ನು ಹಾಕುತ್ತೇವೆ:

```
s = 2*fs * (1 - z^-1) / (1 + z^-1)
```

ಅನಲಾಗ್ ಲೋಕದಲ್ಲಿ ಫ್ರೀಕ್ವೆನ್ಸಿ ಸೊನ್ನೆಯಿಂದ ಅನಂತದವರೆಗೆ ಹೋಗುತ್ತದೆ. ಡಿಜಿಟಲ್‌ನಲ್ಲಿ ಸ್ಯಾಂಪಲಿಂಗಿನ ಅರ್ಧಕ್ಕೇ ಮುಗಿಯುತ್ತದೆ, ನಮಗೆ 100 ಹರ್ಟ್ಝ್‌ಗೆ. ಈ ಬದಲಾವಣೆ ಅನಂತದವರೆಗಿನ ಅಷ್ಟನ್ನೂ ಆ 100ರೊಳಗೆ ಒತ್ತಿ ತುಂಬುತ್ತದೆ. ಸೊನ್ನೆ ಸೊನ್ನೆಯಲ್ಲೇ ಉಳಿಯುತ್ತದೆ, ಅನಂತ ಬಂದು 100ರ ಮೇಲೆ ಕೂರುತ್ತದೆ. ಬಟರ್‌ವರ್ತ್‌ನಲ್ಲಿ ಅನಂತದಲ್ಲಿ ಗೇನ್ ಸೊನ್ನೆ, ಹಾಗಾಗಿ 100 ಹರ್ಟ್ಝ್‌ನಲ್ಲಿ ಗೇನ್ ಪೂರ್ತಿ ಸೊನ್ನೆ. ನಮ್ಮ ಎರಡು ಪರೀಕ್ಷೆಗಳು ನೋಡಿದ್ದು ಈ ಎರಡು ತುದಿಗಳನ್ನು. ಕಟಾಫ್ ಎಲ್ಲಿದ್ದರೂ ಅವು ಅಲ್ಲಾಡುವುದಿಲ್ಲ. ಎಳೆದಾಟ ಎಲ್ಲ ನಡುವೆ ಇದೆ:

```
analog Ω = 2*fs * tan(π*f/fs)
digital f = (fs/π) * atan(Ω / (2*fs))
```

`f` ಸಣ್ಣದಿದ್ದಾಗ `tan` ಮತ್ತು ಅದರ ಕೋನ ಹೆಚ್ಚುಕಡಿಮೆ ಒಂದೇ, ಆದ್ದರಿಂದ ಏನೂ ಗೊತ್ತಾಗುವುದಿಲ್ಲ. ಮೇಲೆ ಹೋದಂತೆ `tan` ಓಟ ಕೀಳುತ್ತದೆ. ಆದ್ದರಿಂದ ಅನಲಾಗ್ ಫಿಲ್ಟರನ್ನು 70ಕ್ಕೇ ವಿನ್ಯಾಸ ಮಾಡಿದರೆ ಡಿಜಿಟಲ್‌ನಲ್ಲಿ ಅದರ ಕಟಾಫ್ ಕೆಳಗೆ ಜಾರುತ್ತದೆ. ಎಲ್ಲಿಗೆ ಅಂತ ಎರಡನೇ ಸೂತ್ರ ಹೇಳುತ್ತದೆ. `Ω = 2π × 70`, ಅಂದರೆ 439.8. ಅದನ್ನು 400ರಿಂದ ಭಾಗಿಸಿದರೆ 1.0996. ಅದರ `atan` 0.8328. ಅದಕ್ಕೆ 200/π ಗುಣಿಸಿದರೆ 53.0 ಹರ್ಟ್ಝ್.

ಈ 53.0 ಅನ್ನುವ ಅಂಕಿಯೇ ಬೆರಳಚ್ಚು. ಫಿಲ್ಟರಿನ ಗೇನ್ 0.707 ಎಲ್ಲಿ ಆಗುತ್ತದೆ, ಅಂದರೆ ನಿಜವಾದ ಕಟಾಫ್ ಎಲ್ಲಿದೆ ಅಂತ ಅಳೆಯಿರಿ. ಸೂತ್ರದ ಅಂಕಿಗೆ ಕೂದಲೆಳೆಯಷ್ಟು ಹತ್ತಿರ ಕೂತರೆ ಬೇರೆ ಏನೂ ಹುಡುಕುವುದು ಬೇಡ, ಈ ಜಾರುವಿಕೆಗೆ ತಕ್ಕಂತೆ ಅನಲಾಗ್ ಕಟಾಫನ್ನು ಮೊದಲೇ ಮೇಲೆ ಇಡುವ ಹೆಜ್ಜೆ, ಅಂದರೆ ಪ್ರಿವಾರ್ಪಿಂಗ್, ಬಿಟ್ಟುಹೋಗಿದೆ. ಈ ಡಬ್ಬಿಯ ಗುಣಾಂಕಗಳನ್ನು ಹುಟ್ಟಿಸಿದ ಪೈಥಾನ್ ಕೋಡು ಹೀಗಿತ್ತು. ಕೊನೆಯ ಮೂರು ಸಾಲು ನಾನು ಅಳೆಯಲು ಸೇರಿಸಿದ್ದು.

```python
import numpy as np
from scipy import signal

fs, fc = 200.0, 70.0
W = 2*np.pi*fc
b, a = signal.butter(4, W, analog=True)
bz, az = signal.bilinear(b, a, fs)

w, h = signal.freqz(bz, az, worN=8000, fs=fs)
f3 = w[np.argmin(abs(abs(h) - 0.5**0.5))]
print(f3)
```

ಓಡಿಸಿದರೆ 53.01 ಬರುತ್ತದೆ. 70 ಹರ್ಟ್ಝ್‌ನಲ್ಲಿ ಇದರ ಗೇನ್ ನೋಡಿದರೆ 0.098, ಅಂದರೆ 20 ಡೆಸಿಬೆಲ್ ಇಳಿತ. ಮೂರು ಡೆಸಿಬೆಲ್ ಇರಬೇಕಾದ ಜಾಗ ಅದು!

ಇದೇ ಕೋಡನ್ನು ಮೊದಲು ಬೇರೆ ಕೆಲಸಕ್ಕೆ, ಇದೇ ಸ್ಯಾಂಪಲಿಂಗಿನಲ್ಲಿ 10 ಹರ್ಟ್ಝ್ ಕಟಾಫ್‌ಗೆ ಬಳಸಿದ್ದರಂತೆ. ಆಗ ಕಟಾಫ್ ಬೀಳುವುದು 9.92ಕ್ಕೆ. ಒಂದು ಪರ್ಸೆಂಟೂ ಇಲ್ಲದ ತಪ್ಪನ್ನು ಯಾರು ಗಮನಿಸುತ್ತಾರೆ? ಕಟಾಫ್ ಸ್ಯಾಂಪಲಿಂಗಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕೆಳಗಿದ್ದರೆ ಈ ದೋಷ ಇದ್ದರೂ ಇಲ್ಲದ ಹಾಗೆಯೇ. ಹಾಗಾಗಿ "ಈ ಕೋಡು ಮೊದಲಿಂದ ಸರಿಯಾಗೇ ಓಡ್ತಾ ಇದೆ" ಅನ್ನುವ ಮಾತನ್ನು ಇಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಹೋಲುವ ಬೇರೆ ದೋಷಗಳು

ಕಟಾಫ್ ಕೆಳಗೆ ಜಾರಲು ಇನ್ನೊಂದು ದೊಡ್ಡ ಕಾರಣ ಇದೆ, ಬೋಟಿನ ಮೇಲೆ ನಿಂತು ನೋಡುವಾಗ ಎರಡೂ ಒಂದೇ ಥರ ಕಾಣುತ್ತವೆ. ಲೂಪಿನಲ್ಲಿ `delay(5)` ಬರೆದು "200 ಹರ್ಟ್ಝ್" ಅಂದುಕೊಳ್ಳುವುದು. ಸೆನ್ಸರ್ ಓದಲು, ಲೆಕ್ಕ ಮಾಡಲು, ಕಾರ್ಡಿಗೆ ಬರೆಯಲು ಹೋಗುವ ಸಮಯ ಆ 5 ಮಿಲಿಸೆಕೆಂಡಿಗೆ ಸೇರಿಕೊಳ್ಳುತ್ತದೆ. 5.6 ಆದರೆ ನಿಜವಾದ ಸ್ಯಾಂಪಲಿಂಗ್ 178.6 ಹರ್ಟ್ಝ್. 200ಕ್ಕೆ ಮಾಡಿದ ಗುಣಾಂಕಗಳು ಆಗ 70ರ ಬದಲು 62.5ಕ್ಕೆ ಕತ್ತರಿಸುತ್ತವೆ.

ಇವೆರಡನ್ನು ಬೇರೆ ಮಾಡುವ ಸುಲಭದ ದಾರಿ, ಕಟಾಫನ್ನು 20ಕ್ಕೆ ಇಳಿಸಿ ಮತ್ತೆ ಅಳೆಯುವುದು. ಸ್ಯಾಂಪಲಿಂಗ್ ತಪ್ಪಾಗಿದ್ದರೆ ಎಲ್ಲ ಕಟಾಫ್‌ಗೂ ಒಂದೇ ಪ್ರಮಾಣದ ತಪ್ಪು. 70ರಲ್ಲೂ 11 ಪರ್ಸೆಂಟ್, 20ರಲ್ಲೂ 11 ಪರ್ಸೆಂಟ್. ಪ್ರಿವಾರ್ಪಿಂಗ್ ಬಿಟ್ಟಿದ್ದರೆ ಹಾಗಲ್ಲ. 70 ಹೋಗಿ 53 ಆಗುತ್ತದೆ, 24 ಪರ್ಸೆಂಟ್ ತಪ್ಪು. 20 ಮಾತ್ರ 19.4ರಲ್ಲಿ ನಿಲ್ಲುತ್ತದೆ, 3 ಪರ್ಸೆಂಟ್. ತಪ್ಪು ಮೇಲೆ ಹೋದಂತೆ ಬೆಳೆಯುತ್ತಿದೆಯೋ ಇಲ್ಲವೋ, ಅಷ್ಟು ನೋಡಿದರೆ ಸಾಕು. ಇನ್ನೊಂದು ಸುಳಿವೂ ಇದೆ: ಲೆಕ್ಕದ ಸೈನ್ ಕೊಟ್ಟಾಗ ಫಿಲ್ಟರ್ ಸರಿ ಬಂದು, ಬೋಟಿನಲ್ಲಿ ಮಾತ್ರ ತಪ್ಪಾದರೆ ಗಡಿಯಾರದ ಕಡೆ ನೋಡಿ. 2000 ಸ್ಯಾಂಪಲ್‌ಗೆ 10 ಸೆಕೆಂಡ್ ಆಗಬೇಕು, ಅಲ್ವಾ?

ಇನ್ನುಳಿದವು ಅಂಕಿ ನೋಡಿದರೇ ಗೊತ್ತಾಗುವಂಥವು. ಕಟಾಫ್ 11 ಹರ್ಟ್ಝ್ ಸುತ್ತ ಬಂದರೆ `analog=True` ಇದ್ದಾಗ ರೇಡಿಯನ್ ಬದಲು ಹರ್ಟ್ಝ್ ಕೊಟ್ಟಿದ್ದಾರೆ, 2π ಬಿಟ್ಟಿದೆ. ಬಹುತೇಕ ಎಲ್ಲವೂ ಹಾಗೇ ದಾಟಿ ಬಂದು ಕಟಾಫ್ 99.7ರಲ್ಲಿ ಸಿಕ್ಕರೆ `bilinear`ಗೆ `fs` ಕೊಡಲು ಮರೆತಿದ್ದಾರೆ. ಅದು ತನ್ನಷ್ಟಕ್ಕೆ 1 ಅಂತ ಇಟ್ಟುಕೊಳ್ಳುತ್ತದೆ. ಔಟ್‌ಪುಟ್ ಪೂರಾ ಸತ್ತಂತಿದ್ದು ಕಟಾಫ್ 0.3 ಹರ್ಟ್ಝ್ ಬಂದರೆ, ಪ್ರಿವಾರ್ಪ್ ಮಾಡುವಾಗ ಬರೀ `tan(π*fc/fs)` ಬಳಸಿ, ಬೈಲೀನಿಯರ್‌ನಲ್ಲಿ ಮಾತ್ರ `2*fs` ಹಾಕಿದ್ದಾರೆ. `2*fs` ಎರಡೂ ಕಡೆ ಇರಬೇಕು, ಇಲ್ಲವೇ ಎರಡೂ ಕಡೆ ಇರಬಾರದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಸಿಟ್ಟು ತರಿಸುವುದು ಎರಡು ಸಲ ಪ್ರಿವಾರ್ಪ್ ಮಾಡುವ ದೋಷ. `signal.butter(4, fc, fs=fs)` ಅಂತ ನೇರ ಡಿಜಿಟಲ್ ಕೇಳಿದರೆ ಸೈಪೈ ಒಳಗೇ ಪ್ರಿವಾರ್ಪ್ ಮಾಡಿಕೊಡುತ್ತದೆ. ಎಲ್ಲೋ ಓದಿದ್ದನ್ನು ನೆನಪಿಟ್ಟುಕೊಂಡು ನಾವೂ `fc`ಯನ್ನು ತಿದ್ದಿ ಕೊಟ್ಟರೆ ಕಟಾಫ್ ಮೇಲಕ್ಕೆ ಹಾರುತ್ತದೆ. 40 ಬೇಕಿದ್ದಲ್ಲಿ 46.25 ಬರುತ್ತದೆ, ಯಾವ ಎರರೂ ಇಲ್ಲದೆ. 70ಕ್ಕೆ ಹೀಗೆ ಮಾಡಿದರೆ ತಿದ್ದಿದ ಅಂಕಿ ಸುಮಾರು 125 ಹರ್ಟ್ಝ್ ಆಗಿ 100ನ್ನು ದಾಟುವುದರಿಂದ ಸೈಪೈ ಅಲ್ಲೇ ತಡೆಯುತ್ತದೆ. ಅಂದರೆ ದೊಡ್ಡ ತಪ್ಪು ಸಿಕ್ಕಿಬೀಳುತ್ತದೆ, ಸಣ್ಣದು ನುಸುಳಿಹೋಗುತ್ತದೆ. ಕಟಾಫ್ ಬೇಕಿದ್ದಕ್ಕಿಂತ ಮೇಲೆ ಸಿಕ್ಕರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ತಿದ್ದುಪಡಿ

ಒಂದೇ ಸಾಲು ಬದಲಾಗಬೇಕು:

```python
W = 2*fs*np.tan(np.pi*fc/fs)
```

`W` ಈಗ 439.8ರ ಬದಲು 785.0. ಅನಲಾಗ್ ಫಿಲ್ಟರನ್ನು ಬೇಕೆಂದೇ ಮೇಲೆ ಇಟ್ಟಿದ್ದೇವೆ, ಬೈಲೀನಿಯರ್ ಒತ್ತಿದಾಗ ಅದು ಸರಿಯಾಗಿ 70ಕ್ಕೆ ಇಳಿಯಲಿ ಅಂತ. ಮತ್ತೆ ಓಡಿಸಿದರೆ `f3` 70.0.

ಮೈಕ್ರೋಕಂಟ್ರೋಲರಿಗೆ ಹಾಕುವಾಗ ನಾಲ್ಕನೇ ಆರ್ಡರನ್ನು ಒಂದೇ ಉದ್ದದ ಸೂತ್ರವಾಗಿ ಬರೆಯಬೇಡಿ. ಎರಡು ಬೈಕ್ವಾಡ್, ಅಂದರೆ ಎರಡನೇ ಆರ್ಡರಿನ ತುಂಡು, ಮಾಡಿ ಒಂದರ ಹಿಂದೆ ಒಂದು ಇಡಿ. ಲೈಬ್ರರಿಯೇ ಬೇಡ, ಕ್ಯಾಲ್ಕುಲೇಟರ್ ಸಾಕು. `K = tan(π*fc/fs)` ಇಟ್ಟುಕೊಳ್ಳಿ, ನಮಗೆ ಅದು 1.9626. ಪ್ರಿವಾರ್ಪಿಂಗ್ ಈ `K` ಒಳಗೇ ಸೇರಿಹೋಗಿದೆ. ನಾಲ್ಕನೇ ಆರ್ಡರ್ ಬಟರ್‌ವರ್ತ್‌ನ ಎರಡು `Q` ಬೆಲೆ 0.5412 ಮತ್ತು 1.3066.

```
D  = 1 + K/Q + K*K
b0 = K*K/D,  b1 = 2*b0,  b2 = b0
a1 = 2*(K*K - 1)/D
a2 = (1 - K/Q + K*K)/D
```

ಮೊದಲ ತುಂಡಿಗೆ `b0` 0.4543, `a1` 0.6727, `a2` 0.1445. ಎರಡನೆಯದಕ್ಕೆ 0.6062, 0.8977, 0.5272. ಸೈಪೈಯಿಂದ `output='sos'` ಅಂತ ತೆಗೆದರೆ `a` ಬೆಲೆಗಳು ಇವೇ ಬರುತ್ತವೆ, ಆದರೆ `b` ಬೇರೆ ಕಾಣುತ್ತದೆ. ಅದು ಪೂರ್ತಿ ಗೇನನ್ನು ಮೊದಲ ತುಂಡಿಗೇ ಹಾಕಿ, ಎರಡನೆಯದರಲ್ಲಿ 1, 2, 1 ಬಿಡುತ್ತದೆ. ಎರಡೂ ಒಂದೇ ಫಿಲ್ಟರ್. ಕೋಡು ಹೀಗೆ:

```c
y = b0*x + b1*x1 + b2*x2 - a1*y1 - a2*y2;
```

`a` ಮುಂದಿನ ಮೈನಸ್ ಗಮನಿಸಿ. ಕೆಲವು ಲೈಬ್ರರಿಗಳು ಚಿಹ್ನೆ ತಿರುಗಿಸಿದ `a` ಕೇಳುತ್ತವೆ. ಈ ಅಂಕಿಗಳಲ್ಲಿ ಚಿಹ್ನೆ ತಪ್ಪಿದರೆ ಎರಡನೇ ತುಂಡು ಅಸ್ಥಿರವಾಗಿ ಔಟ್‌ಪುಟ್ ಬೆಳೆಯುತ್ತಲೇ ಹೋಗುತ್ತದೆ, ಆದ್ದರಿಂದ ಅದು ಮುಚ್ಚಿಟ್ಟುಕೊಳ್ಳುವ ದೋಷವಲ್ಲ.

ತಿದ್ದಿದ ಮೇಲೆ ಡಬ್ಬಿಯಲ್ಲಿ 900ಕ್ಕೆ 0.12, 1500ಕ್ಕೆ 0.30, 1800ಕ್ಕೆ 0.49 ಜಿ ಬಂತು. ಮೌಂಟ್ ಬದಲಾಯಿತು.

ಸರಿಯಾದ ಮೇಲೂ ಬರುವ ಎರಡು ಅನುಮಾನ

ತಿದ್ದಿದ ಫಿಲ್ಟರಿನ ಗ್ರಾಫನ್ನು ಪುಸ್ತಕದ ಅನಲಾಗ್ ಬಟರ್‌ವರ್ತ್ ಸೂತ್ರದ ಮೇಲೆ ಇಟ್ಟು ನೋಡಿದವರು "ಇನ್ನೂ ಸರಿ ಇಲ್ಲ" ಅನ್ನುತ್ತಾರೆ. 90 ಹರ್ಟ್ಝ್‌ನಲ್ಲಿ ಅನಲಾಗ್ ಸೂತ್ರ ಸುಮಾರು 9.3 ಡೆಸಿಬೆಲ್ ಇಳಿತ ಹೇಳುತ್ತದೆ, ನಮ್ಮ ಡಿಜಿಟಲ್ 40.6 ಇಳಿಸುತ್ತದೆ. ಇದು ದೋಷ ಅಲ್ಲ. ಪ್ರಿವಾರ್ಪಿಂಗ್ ಒಂದೇ ಒಂದು ಫ್ರೀಕ್ವೆನ್ಸಿಯನ್ನು ಜಾಗಕ್ಕೆ ತರುತ್ತದೆ, ನಾವು ಆರಿಸಿದ್ದು ಕಟಾಫ್. ಉಳಿದ ಗೆರೆಯೆಲ್ಲ ಒತ್ತಿದಂತೆಯೇ ಇರುತ್ತದೆ, ಕಟಾಫ್ ದಾಟಿದ ಮೇಲೆ ಇಳಿಜಾರು ಇನ್ನೂ ಕಡಿದಾಗುತ್ತದೆ. ಲೋ-ಪಾಸ್‌ಗೆ ಇದು ಲಾಭವೇ. ಸಮತಟ್ಟಾದ ಗುಣವೂ ಕೆಡುವುದಿಲ್ಲ, ಒತ್ತಿದರೆ ಗೆರೆ ಅಡ್ಡಡ್ಡ ಸರಿಯುತ್ತದೆಯೇ ಹೊರತು ಹೊಸ ಏರಿಳಿತ ಹುಟ್ಟುವುದಿಲ್ಲ. ಫೇಸ್ ಮಾತ್ರ ಅನಲಾಗ್‌ನಂತೆ ಇರುವುದಿಲ್ಲ. ಅಲೆಯ ಆಕಾರವೇ ಮುಖ್ಯವಾದ ಕೆಲಸಕ್ಕೆ ಈ ದಾರಿ ಹಿಡಿಯಬೇಡಿ.

ಎರಡನೆಯದು, 120 ಹರ್ಟ್ಝ್ ನಡುಕ. 1800 ಆರ್‌ಪಿಎಂನಲ್ಲಿ 60ರ ಇಮ್ಮಡಿಯಾಗಿ ಅದು ಬರುತ್ತದೆ. 200ರ ಸ್ಯಾಂಪಲಿಂಗಿನಲ್ಲಿ ಅದು 80 ಹರ್ಟ್ಝ್ ಆಗಿ ವೇಷ ಹಾಕಿಕೊಂಡು ಒಳಗೆ ಬರುತ್ತದೆ, ಇದೇ ಅಲಿಯಾಸಿಂಗ್. ಒಳಗೆ ಬಂದ ಮೇಲೆ ಫಿಲ್ಟರಿಗೆ ಅದು 80ರ ಅಲೆಯೇ, 80ಕ್ಕೆ ಸಿಗುವಷ್ಟೇ ಇಳಿತ ಅದಕ್ಕೂ ಸಿಗುತ್ತದೆ. ಇದನ್ನು ತಡೆಯಬೇಕಾದ್ದು ಸ್ಯಾಂಪಲ್ ಆಗುವ ಮೊದಲು, ಸೆನ್ಸರಿನ ಒಳಗಿನ ಫಿಲ್ಟರ್ ಅಥವಾ ಒಂದು ಅನಲಾಗ್ ಫಿಲ್ಟರ್. ಬೈಲೀನಿಯರ್‌ನಲ್ಲಿ ಅಲಿಯಾಸಿಂಗ್ ಇಲ್ಲ ಅಂತ ಓದಿರುತ್ತೀರಿ. ಅದು ಫಿಲ್ಟರಿನ ಸೂತ್ರ ಬದಲಿಸುವಾಗಿನ ಮಾತು, ನಿಮ್ಮ ಡೇಟಾಗೆ ಅನ್ವಯಿಸುವುದಿಲ್ಲ.

ಎಂಜಿನ್ 2200 ಆರ್‌ಪಿಎಂವರೆಗೆ ಹೋಗುವುದಾದರೆ ನಡುಕ 73 ಹರ್ಟ್ಝ್ ದಾಟುತ್ತದೆ, 70ರ ಕಟಾಫ್ ಸಾಲದು. 200ರ ಸ್ಯಾಂಪಲಿಂಗಿನಲ್ಲೇ ಕಟಾಫ್ ಮೇಲೆ ತಳ್ಳುತ್ತಾ ಹೋಗಬೇಡಿ, ಅಲ್ಲಿ `tan` ಬಹಳ ಬೇಗ ಏರುತ್ತದೆ, ಗಡಿಯಾರದ ಸಣ್ಣ ವ್ಯತ್ಯಾಸಕ್ಕೂ ಅಲಿಯಾಸಿಂಗಿಗೂ ಜಾಗ ಇರುವುದಿಲ್ಲ. ಸ್ಯಾಂಪಲಿಂಗ್ 400 ಮಾಡಿ, ಕಟಾಫ್ 90 ಇಡಿ. `K` 0.8541 ಆಗುತ್ತದೆ, 73.3 ಹರ್ಟ್ಝ್‌ನಲ್ಲಿ ಗೇನ್ 0.95. `K` ಒಂದಕ್ಕಿಂತ ಕಡಿಮೆ ಇರುವುದರಿಂದ ಈ ಸಲ `a1` ಮೈನಸ್ ಬರುತ್ತದೆ. ಅದು ಸರಿಯೇ, ತಿದ್ದಲು ಹೋಗಬೇಡಿ.